ವಜ್ರ ಕೊಳ್ಳುವಾಗಿನ ಬೆಲೆ, ಮಾರುವಾಗಿನ ಬೆಲೆ

(ಮಹಿಳಾ ವಿಭಾಗದ ಅರಸಿನ ಕುಂಕುಮ ಕಾರ್ಯಕ್ರಮದಲ್ಲಿ ಆಡಿದ ಮಾತಿನ ಬರಹರೂಪ)



ನಾನು ಭಾಷಣಗಾರ್ತಿಯಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ವಜ್ರದ ಆಫೀಸಿನಲ್ಲಿ ಕಲ್ಲು ವಿಂಗಡಿಸುವ ಕೆಲಸ ಮಾಡಿದವಳು. ಮೊದಲು ಒಪೇರಾ ಹೌಸ್‌ನಲ್ಲಿ, 2010ರಲ್ಲಿ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ ಭಾರತ್ ಡೈಮಂಡ್ ಬೋರ್ಸ್ ಶುರುವಾದ ಮೇಲೆ ಅಲ್ಲಿ. ಬಿಳಿ ಕಾಗದದ ಮೇಲೆ ಕಲ್ಲು ಸುರಿದು, ಚಿಮುಟದಲ್ಲಿ ಒಂದೊಂದನ್ನೇ ಎತ್ತಿ, ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವ ಲೂಪ್‌ನಲ್ಲಿ ನೋಡಿ ಬೇರೆ ಬೇರೆ ಗುಂಪು ಮಾಡುವುದು ನನ್ನ ದಿನದ ಕೆಲಸವಾಗಿತ್ತು. ಇದು ಗೊತ್ತಿದ್ದುದರಿಂದಲೇ ನಮ್ಮ ಬಿಲ್ಡಿಂಗಿನ ಅಕ್ಕ ಒಬ್ಬರು 2024ರ ಮಾರ್ಚ್‌ನಲ್ಲಿ ಒಂದು ಸಂಜೆ ನಮ್ಮ ಮನೆಗೆ ಬಂದರು. ಇವತ್ತು ನಾನು ಹೇಳುವುದೆಲ್ಲ ಅವರ ಒಂದು ಸೆಟ್ಟಿನ ಕಥೆ. ಹೇಳಲು ಅವರ ಒಪ್ಪಿಗೆ ಇದೆ, ಹೆಸರು ಮಾತ್ರ ಬೇಡ ಎಂದಿದ್ದಾರೆ.

ಅಕ್ಕನ ಮಗಳ ಕಾಲೇಜಿನ ಫೀಸು ₹1 ಲಕ್ಷ ಬಾಕಿ ಇತ್ತು. ಪರೀಕ್ಷೆಗೆ ಮೊದಲು ಕಟ್ಟಬೇಕು. ಸಾಲ ಕೇಳುವುದು ಬೇಡವೆಂದು 2018ರ ದೀಪಾವಳಿಗೆ ಕೊಂಡ ವಜ್ರದ ಪದಕ ಮತ್ತು ಓಲೆಯ ಸೆಟ್ಟನ್ನು ಹತ್ತಿರದ ಒಂದು ಅಂಗಡಿಗೆ ಒಯ್ದಿದ್ದರು. ಕೊಂಡಾಗ ಕೊಟ್ಟದ್ದು ₹1,58,929. ಆ ಮೇಲೆ ಚಿನ್ನದ ಬೆಲೆ ಎರಡರಷ್ಟಾಗಿದೆ, ಎರಡು ಲಕ್ಷವಾದರೂ ಬರಬಹುದು ಎಂದು ಅವರ ಲೆಕ್ಕ. ಅಂಗಡಿಯವ ಹೇಳಿದ್ದು ₹59,700.

"ಕಲ್ಲಿಗೆ ಬೆಲೆಯೇ ಇಲ್ಲವಂತೆ ಮಾರಾಯ್ತಿ. ಹಾಗಾದರೆ ನಮಗೆ ಮಾರಿದ್ದು ಗಾಜಾ?" ಎಂದು ಅಕ್ಕ ಕೇಳಿದರು. ಅವರ ಕಣ್ಣಲ್ಲಿ ನೀರಿತ್ತು.

ನಾನು ಲೂಪ್ ಹಿಡಿದು ನೋಡಿದೆ. ಗಾಜಲ್ಲ, ಒಳ್ಳೆಯ ವಜ್ರವೇ. "ಬಿಲ್ಲು ಉಂಟಾ ಅಕ್ಕ?" ಎಂದೆ. ಪುಣ್ಯಕ್ಕೆ ಇತ್ತು. ಮಾರಿದ ಅಂಗಡಿ ಮಾತ್ರ ಮುಚ್ಚಿ ಹೋಗಿತ್ತು.

ನಾವು ಊಟದ ಮೇಜಿನ ಮೇಲೆ ಬಿಲ್ಲು ಹರಡಿಕೊಂಡು ಕುಳಿತೆವು. ಅದರಲ್ಲಿ ನಾಲ್ಕು ಸಾಲುಗಳಿದ್ದವು. 18 ಕ್ಯಾರೆಟ್ ಚಿನ್ನ 14 ಗ್ರಾಂ, ಗ್ರಾಂಗೆ ₹2,350ರಂತೆ ₹32,900. ವಜ್ರ 1.60 ಕ್ಯಾರೆಟ್, ಕ್ಯಾರೆಟ್‌ಗೆ ₹68,000ದಂತೆ ₹1,08,800. ಮಜೂರಿ ₹12,600. ಇವುಗಳ ಮೇಲೆ ಶೇಕಡಾ 3 ಜಿಎಸ್‌ಟಿ ₹4,629.

ಇಲ್ಲಿ ಎರಡು ಕ್ಯಾರೆಟ್ ಇದೆ, ಗಮನಿಸಿ. ಚಿನ್ನಕ್ಕೆ ಕ್ಯಾರೆಟ್ ಎಂದರೆ ಶುದ್ಧತೆ. 18 ಕ್ಯಾರೆಟ್ ಎಂದರೆ ನೂರರಲ್ಲಿ ಎಪ್ಪತ್ತೈದು ಪಾಲು ಚಿನ್ನ. ವಜ್ರಕ್ಕೆ ಕ್ಯಾರೆಟ್ ಎಂದರೆ ತೂಕ. 5 ಕ್ಯಾರೆಟ್ ಸೇರಿದರೆ 1 ಗ್ರಾಂ. ಒಂದು ಕ್ಯಾರೆಟ್‌ನಲ್ಲಿ 100 ಸೆಂಟ್.

ಈಗ ಆ ಬಿಲ್ಲಿನಿಂದ ಹಣ ಎಲ್ಲಿಗೆ ಹೋಯಿತು ನೋಡೋಣ. ಮಜೂರಿ ಮತ್ತು ತೆರಿಗೆ ಸೇರಿ ₹17,229. ಅದು ಅಂಗಡಿಯ ಬಾಗಿಲು ದಾಟಿದ ಕ್ಷಣವೇ ಮುಗಿಯಿತು, ಯಾರೂ ಹಿಂದಕ್ಕೆ ಕೊಡುವುದಿಲ್ಲ. ಇದು ಚಿನ್ನದ ಒಡವೆಗೂ ಇರುವ ನಷ್ಟವೇ, ನಮಗೆಲ್ಲ ಗೊತ್ತಿದ್ದದ್ದೇ. ದೊಡ್ಡ ಪೆಟ್ಟು ಬೀಳುವುದು ಎರಡನೆಯ ಸಾಲಿನಲ್ಲಿ, ವಜ್ರದ ₹1,08,800ರಲ್ಲಿ.

ಚಿನ್ನಕ್ಕೆ ದಿನದ ದರವಿದೆ. ಪೇಪರಿನಲ್ಲಿ ಬರುತ್ತದೆ, ಅಂಗಡಿಯ ಬೋರ್ಡಿನಲ್ಲಿ ಬರೆದಿರುತ್ತಾರೆ. ಕರಗಿಸಿದರೆ ನಿಮ್ಮ ಚಿನ್ನವೂ ನನ್ನ ಚಿನ್ನವೂ ಒಂದೇ. ವಜ್ರವನ್ನು ಕರಗಿಸಿ ಒಂದು ಮಾಡಲು ಆಗುವುದಿಲ್ಲ. ಪ್ರತಿ ಕಲ್ಲಿಗೂ ಬಣ್ಣ ಬೇರೆ, ಒಳಗಿನ ಕಲೆ ಬೇರೆ, ಕಟಿಂಗ್ ಬೇರೆ. ಹಾಗಾಗಿ ನೋಡಿದವನು ಹೇಳಿದ್ದೇ ದರ್ಜೆ, ಅವನು ಕೊಟ್ಟದ್ದೇ ದರ. ಕೊಳ್ಳುವಾಗ ದರ್ಜೆ ಹೇಳುವವನು ಮಾರುವವನು, ಮೇಲಿನದನ್ನೇ ಹೇಳುತ್ತಾನೆ. ನಾವು ಮಾರಲು ಹೋದಾಗ ದರ್ಜೆ ಹೇಳುವವನು ಕೊಳ್ಳುವವನು, ಕೆಳಗಿನದನ್ನು ಹೇಳುತ್ತಾನೆ. ಅಕ್ಕನ ಬಿಲ್ಲಿನಲ್ಲಿ ಬಣ್ಣ ಜಿ-ಎಚ್, ಶುದ್ಧತೆ ವಿಎಸ್ ಎಂದಿತ್ತು. ನನ್ನ ಕಣ್ಣಿಗೆ ಅವು ಎಚ್-ಐ, ಎಸ್‌ಐ. ಅಂದರೆ ಎರಡರಲ್ಲೂ ಸುಮಾರು ಒಂದು ಮೆಟ್ಟಿಲು ಕೆಳಗೆ. ಚಿನ್ನದ ಮೇಲೆ 18ಕೆ750 ಮುದ್ರೆಯೇನೋ ಇತ್ತು. ಆದರೆ ಹಾಲ್‌ಮಾರ್ಕ್ ಚಿನ್ನಕ್ಕೆ ಮಾತ್ರ ಸಾಕ್ಷಿ, ಅದು ಕಲ್ಲಿನ ಬಗ್ಗೆ ಏನೂ ಹೇಳುವುದಿಲ್ಲ.

ಎರಡನೆಯ ಕಾರಣ ಕಲ್ಲಿನ ಗಾತ್ರ. 1.60 ಕ್ಯಾರೆಟ್ ಎಂದು ಕೇಳುವಾಗ ದೊಡ್ಡದೆನಿಸುತ್ತದೆ. ಆದರೆ ಆ ಸೆಟ್ಟಿನಲ್ಲಿದ್ದದ್ದು 2 ಸೆಂಟಿನ 80 ಕಲ್ಲುಗಳು. ವಜ್ರದಲ್ಲಿ ಗಾತ್ರ ಏರಿದಂತೆ ಕ್ಯಾರೆಟ್‌ನ ದರವೂ ಏರುತ್ತದೆ, ಏಕೆಂದರೆ ದೊಡ್ಡ ಕಲ್ಲು ಅಪರೂಪ. ಒಂದೇ ಕ್ಯಾರೆಟ್‌ನ ಒಂದು ಕಲ್ಲಿನ ಬೆಲೆಗೂ 2 ಸೆಂಟಿನ ಐವತ್ತು ಕಲ್ಲುಗಳ ಬೆಲೆಗೂ ಹೋಲಿಕೆಯೇ ಇಲ್ಲ. ಸಣ್ಣ ಕಲ್ಲನ್ನು ನಾವು ಜರಡಿಯಲ್ಲಿ ಹಾಕಿ ಗಾತ್ರ ಬೇರ್ಪಡಿಸುತ್ತಿದ್ದೆವು, ಮನೆಯಲ್ಲಿ ರವೆ ಜರಡಿ ಹಿಡಿದ ಹಾಗೆ. ಸೂರತ್‌ನಿಂದ ಅವು ಪೊಟ್ಟಣಗಟ್ಟಲೆ ಬರುತ್ತವೆ. ಅಂಥ ಕಲ್ಲಿಗೆ ಅಭಾವವಿಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಅಕ್ಕ ಕೊಟ್ಟದ್ದು ಷೋರೂಮಿನ ಬೆಲೆ. ಅದರಲ್ಲಿ ಬಾಡಿಗೆ, ಜಾಹೀರಾತು, ತಿಂಗಳುಗಟ್ಟಲೆ ಗಾಜಿನ ಪೆಟ್ಟಿಗೆಯಲ್ಲಿ ಕುಳಿತ ಮಾಲಿನ ಬಡ್ಡಿ, ಲಾಭ ಎಲ್ಲ ಸೇರಿದೆ. ಅಕ್ಕನ ಕಲ್ಲು ಕೊಳ್ಳುವ ವ್ಯಾಪಾರಿ ಷೋರೂಮಿಗೆ ಹೋಗಿ ಕೊಳ್ಳುವವನಲ್ಲ. ಅದೇ ದರ್ಜೆಯ, ಒಂದೇ ಅಳತೆಗೆ ವಿಂಗಡಿಸಿದ ಹೊಸ ಕಲ್ಲು ಅವನಿಗೆ ಬೋರ್ಸ್‌ನಲ್ಲಿ ಆಗ ಕ್ಯಾರೆಟ್‌ಗೆ ₹32,000ಕ್ಕೆ ಸಿಗುತ್ತಿತ್ತು. ಅದೂ ಎರಡು ತಿಂಗಳ ಉದ್ದರಿಯಲ್ಲಿ. ನಮ್ಮ ಹಳೆಯ ಕಲ್ಲಿಗೆ ಅವನು ಹಣವನ್ನು ಇವತ್ತೇ ಕೊಡಬೇಕು. ಕಲ್ಲು ಬಿಡಿಸಬೇಕು, ಬಿಡಿಸುವಾಗ ಕೆಲವು ಅಂಚು ಮುಕ್ಕಾಗುತ್ತವೆ, ಮತ್ತೆ ವಿಂಗಡಿಸಬೇಕು. ಹಾಗಿರುವಾಗ ₹32,000ಕ್ಕಿಂತ ಕಡಿಮೆ ಸಿಕ್ಕಿದರೆ ಮಾತ್ರ ಅವನು ಕೈ ಹಾಕುತ್ತಾನೆ. ಇದರಲ್ಲಿ ಮೋಸವಿಲ್ಲ. ಬಿಲ್ಲಿನ ₹68,000ದಿಂದ ಲೆಕ್ಕ ಶುರು ಮಾಡಿದರೆ ನಮಗೆ ಮೋಸವೆಂದು ಕಾಣುತ್ತದೆ. ವ್ಯಾಪಾರಿ ಲೆಕ್ಕ ಶುರು ಮಾಡುವುದು ₹32,000ದಿಂದ.

ಇದರ ಮೇಲೆ, 2022ರ ನಂತರ ಗಣಿಯ ವಜ್ರದ ಬೆಲೆಯೂ ಇಳಿದಿದೆ. ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರ, ಅಂದರೆ ಲ್ಯಾಬ್ ಗ್ರೋನ್, ಬಹಳ ಅಗ್ಗವಾಗಿ ಬಂದದ್ದು ಅದಕ್ಕೆ ಒಂದು ದೊಡ್ಡ ಕಾರಣ.

ಹಾಗಾದರೆ ₹59,700 ಸರಿಯೇ? ಅಲ್ಲ. ಬೆಲೆ ಇಳಿಯುವುದು ಬೇರೆ, ನಮ್ಮನ್ನು ಏಮಾರಿಸುವುದು ಬೇರೆ. ಆ ಅಂಗಡಿಯವ ಕೊಟ್ಟ ಚೀಟಿ ನೋಡಿದೆ. ಒಟ್ಟು ತೂಕ 14.32 ಗ್ರಾಂ, ಸರಿ. ಕಲ್ಲಿನ ತೂಕವೆಂದು 1.5 ಗ್ರಾಂ ಕಳೆದಿದ್ದ. ಅದರ ಮೇಲೆ ಶೇಕಡಾ 5 ಸವೆತ ಎಂದು ಮತ್ತೆ ಕಳೆದಿದ್ದ. ಉಳಿದದ್ದಕ್ಕೆ ಆ ದಿನದ 18 ಕ್ಯಾರೆಟ್ ದರ ಗ್ರಾಂಗೆ ₹4,900. ವಜ್ರಕ್ಕೆ ಸೊನ್ನೆ.

"ಅಕ್ಕ, 1.60 ಕ್ಯಾರೆಟ್ ಅಂದರೆ ಎಷ್ಟು ಗ್ರಾಂ? ಐದರಿಂದ ಭಾಗಿಸಿ ನೋಡಿ" ಎಂದೆ.

ಅವರು ಫೋನಿನಲ್ಲಿ ಲೆಕ್ಕ ಹಾಕಿದರು. 0.32 ಗ್ರಾಂ. 14.32ರಲ್ಲಿ ಅದನ್ನು ಕಳೆದರೆ ಬಿಲ್ಲಿನಲ್ಲಿದ್ದ 14 ಗ್ರಾಂ ಸರಿಯಾಗಿ ಬಂತು. ಅಂದರೆ ಅವನು ಕಲ್ಲಿನ ಹೆಸರಿನಲ್ಲಿ 1.18 ಗ್ರಾಂ ಚಿನ್ನವನ್ನೇ ನುಂಗಿದ್ದ. ಅದೊಂದೇ ಸುಮಾರು ₹5,800. ಕಲ್ಲಿಗೆ ಬೆಲೆಯೇ ಇಲ್ಲ ಎಂದವನು ಆ 80 ಕಲ್ಲುಗಳನ್ನು ಖಂಡಿತ ಕಸಕ್ಕೆ ಎಸೆಯುತ್ತಿರಲಿಲ್ಲ.

ಮರುದಿನ ನಾವಿಬ್ಬರೂ ಒಂದು ದೊಡ್ಡ ಷೋರೂಮಿಗೆ ಹೋದೆವು. ಅಲ್ಲಿ ನಮ್ಮೆದುರೇ ಕ್ಯಾರೆಟ್ ಮೀಟರಿನಲ್ಲಿಟ್ಟು ಚಿನ್ನದ ಶುದ್ಧತೆ ನೋಡಿದರು, ಸರಿಯಿತ್ತು. ಚಿನ್ನಕ್ಕೆ ಪೂರ್ತಿ ದರ, ₹68,600. ಬೇರೆ ಅಂಗಡಿಯ ವಜ್ರವಾದುದರಿಂದ ಕ್ಯಾರೆಟ್‌ಗೆ ₹15,000, ಅಂದರೆ ₹24,000. ಒಟ್ಟು ₹92,600. ಕೇಳಲು ಚೆನ್ನಾಗಿತ್ತು. ಆದರೆ ನಗದು ಇಲ್ಲ, ಆ ಮೊತ್ತಕ್ಕೆ ಹೊಸ ಒಡವೆ ತೆಗೆದುಕೊಳ್ಳಬೇಕು. ಹೊಸದಕ್ಕೆ ಮತ್ತೆ ಮಜೂರಿ, ಮತ್ತೆ ಜಿಎಸ್‌ಟಿ, ಮತ್ತೆ ಷೋರೂಮಿನ ಲಾಭ. ಕಾಲೇಜಿನ ಫೀಸು ಕಟ್ಟಬೇಕಾದವರಿಗೆ ಅದು ಪ್ರಯೋಜನವಿಲ್ಲ. ವಿನಿಮಯದ ಬೆಲೆಯನ್ನೂ ನಗದಿನ ಬೆಲೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಮೂರನೆಯ ಕಡೆ, ನನಗೆ ಕೆಲಸದ ದಿನಗಳಿಂದ ಪರಿಚಯವಿದ್ದ ಒಬ್ಬ ಸಣ್ಣ ವ್ಯಾಪಾರಿಯ ಹತ್ತಿರ. ಅವರು ಮೊದಲು ಕ್ಯಾರೆಟ್‌ಗೆ ₹18,000 ಎಂದರು. ನಾನು ಬಿಲ್ಲಿನ ದರ ಎತ್ತಲಿಲ್ಲ. "ಇದೇ ಮಾಲು ಹೊಸತು ಇವತ್ತು ನಿಮಗೆ ಎಷ್ಟಕ್ಕೆ ಸಿಗುತ್ತದೆ?" ಎಂದು ಮಾತ್ರ ಕೇಳಿದೆ. ಆ ₹32,000 ಅವರ ಬಾಯಿಂದಲೇ ಬಂತು. ಆ ಮೇಲೆ ₹22,000ಕ್ಕೆ ಒಪ್ಪಿದರು. ವಜ್ರಕ್ಕೆ ₹35,200. ಚಿನ್ನಕ್ಕೆ ಕರಗಿಸುವ ಖರ್ಚೆಂದು ಶೇಕಡಾ 2 ಕಳೆದು ₹67,228. ಒಟ್ಟು ₹1,02,428. ಮಗಳ ಫೀಸು ಆಯಿತು.

ಮೊದಲನೆಯ ಅಂಗಡಿಗಿಂತ ₹42,700ಕ್ಕೂ ಹೆಚ್ಚು. ಆದರೂ ವಜ್ರದ ಭಾಗಕ್ಕೆ ಕೊಟ್ಟದ್ದರ ಮೂರನೆಯ ಒಂದು ಪಾಲೂ ಬರಲಿಲ್ಲ. ಚಿನ್ನ ಎರಡು ಪಟ್ಟಾದದ್ದೇ ಅಕ್ಕನನ್ನು ಕಾಪಾಡಿತು. ಚಿನ್ನದ ದರ 2018ರಲ್ಲಿದ್ದಷ್ಟೇ ಇದ್ದಿದ್ದರೆ ಒಟ್ಟು ₹67,400ರ ಆಸುಪಾಸಿನಲ್ಲಿ ನಿಲ್ಲುತ್ತಿತ್ತು.

ನಿಮ್ಮಲ್ಲಿ ಯಾರಿಗಾದರೂ ಮಾರುವ ಪ್ರಸಂಗ ಬಂದರೆ ಹೇಗೆ ಮಾಡಬೇಕೆಂದು ಈಗ ಹೇಳುತ್ತೇನೆ.

ಮೊದಲು ಮಾರಿದ ಅಂಗಡಿ ಇನ್ನೂ ಇದ್ದರೆ ಅಲ್ಲಿಗೇ ಹೋಗಿ. ತಮ್ಮದೇ ಮಾಲನ್ನು ಗೊತ್ತಾದ ಷರತ್ತಿನ ಮೇಲೆ ಹಿಂದಕ್ಕೆ ಕೊಳ್ಳುವ ಅಂಗಡಿಗಳು ಬಹಳ ಇವೆ, ಹೊರಗಿನವರಿಗಿಂತ ಅವರು ಹೆಚ್ಚು ಕೊಡುವುದುಂಟು. ಷರತ್ತು ಬಿಲ್ಲಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಮೂರು ಪ್ರಶ್ನೆ ಕೇಳಿ. ಈ ಶೇಕಡಾವಾರು ನಗದಿಗೋ ವಿನಿಮಯಕ್ಕೋ? ವಜ್ರದ ಶೇಕಡಾ ಲೆಕ್ಕ ಬಿಲ್ಲಿನ ಬೆಲೆಯ ಮೇಲೋ ಇವತ್ತಿನ ಬೆಲೆಯ ಮೇಲೋ? ಪ್ರಮಾಣಪತ್ರ ಇಲ್ಲದಿದ್ದರೆ ಎಷ್ಟು ಕಳೆಯುತ್ತೀರಿ? ಈ ಮೂರಕ್ಕೆ ಉತ್ತರ ಸಿಕ್ಕಿದರೆ ಅವರ ಮಾತಿನ ನಿಜವಾದ ಬೆಲೆ ತಿಳಿಯುತ್ತದೆ.

ಎರಡನೆಯದಾಗಿ, ಎಲ್ಲಿಗೆ ಹೋದರೂ ಲೆಕ್ಕವನ್ನು ಎರಡು ಸಾಲಿನಲ್ಲಿ ಬರೆಸಿಕೊಳ್ಳಿ. ಚಿನ್ನ ಇಷ್ಟು ಗ್ರಾಂ, ಇಷ್ಟು ಶುದ್ಧತೆ, ಇಷ್ಟು ದರ. ವಜ್ರ ಇಷ್ಟು ಕ್ಯಾರೆಟ್, ಇಷ್ಟು ದರ. "ಒಟ್ಟಿಗೆ ಇಷ್ಟು ಕೊಡುತ್ತೇನೆ" ಎಂದರೆ ಒಪ್ಪಬೇಡಿ. ಒಟ್ಟಿಗೆ ಹೇಳಿದಾಗ ಏರಿದ ಚಿನ್ನದ ಹಿಂದೆ ವಜ್ರ ಅಡಗಿಬಿಡುತ್ತದೆ. ಹೀಗೆ ಮೂರು ಕಡೆ ಬರೆಸಿಕೊಂಡರೆ ಯಾರು ಎಲ್ಲಿ ಕಳೆದಿದ್ದಾರೆಂದು ನಿಮಗೇ ಕಾಣುತ್ತದೆ.

ಮೂರನೆಯದಾಗಿ, ದರ ಗೊತ್ತಾಗುವ ಮೊದಲು ಕಲ್ಲು ಬಿಡಿಸಲು ಬಿಡಬೇಡಿ. ಕಲ್ಲು ಬಿಡಿಸಿದ ಮೇಲೆ ಒಡವೆ ಒಡವೆಯಾಗಿ ಉಳಿಯುವುದಿಲ್ಲ, ಬೇರೆ ಕಡೆ ಒಯ್ಯುವ ನಿಮ್ಮ ಧೈರ್ಯವೂ ಉಳಿಯುವುದಿಲ್ಲ. ಬೆಲೆ ಒಪ್ಪಿದ ನಂತರವೂ ಕಲ್ಲು ಎಣಿಸಿ ಬರೆದು, ನಿಮ್ಮ ಕಣ್ಣೆದುರೇ ಬಿಡಿಸಲಿ. ಒಡವೆ ಒಳಗಿನ ಕೋಣೆಗೆ ಹೋಗಬೇಕೆಂದರೆ ನೀವೂ ಒಳಗೆ ಹೋಗಿ.

ನಾಲ್ಕನೆಯದಾಗಿ, ಒಂಟಿ ಕಲ್ಲು, ಅಂದರೆ ಸಾಲಿಟೇರ್ ಇದ್ದರೆ ದಾರಿ ಸ್ವಲ್ಪ ಬೇರೆ. ಜಿಐಎ, ಐಜಿಐಯಂಥ ಪ್ರಯೋಗಾಲಯದ ವರದಿ ಇದ್ದರೆ ದರ್ಜೆಯ ಜಗಳ ಅರ್ಧ ಮುಗಿಯುತ್ತದೆ. ವರದಿಯ ಸಂಖ್ಯೆಯನ್ನು ಎಷ್ಟೋ ಕಲ್ಲುಗಳ ಅಂಚಿನ ಮೇಲೆ ಲೇಸರಿನಿಂದ ಬರೆದಿರುತ್ತಾರೆ. ಅದನ್ನು ಲೂಪ್‌ನಲ್ಲಿ ತೋರಿಸಿ ಎಂದು ಕೇಳಿ, ವರದಿಯನ್ನು ಪ್ರಯೋಗಾಲಯದ ಜಾಲತಾಣದಲ್ಲಿ ನೋಡಿ. ವರದಿ ಇಲ್ಲದ ದೊಡ್ಡ ಕಲ್ಲಾದರೆ ಮಾರುವ ಮೊದಲು ವರದಿ ಮಾಡಿಸುವುದು ಒಳ್ಳೆಯದು. ಅಕ್ಕನದರಂಥ ಸಣ್ಣ ಕಲ್ಲುಗಳಿಗೆ ಹಾಗೆ ಒಂದೊಂದಕ್ಕೂ ವರದಿ ಮಾಡಿಸಿದರೆ ಖರ್ಚೇ ಹೆಚ್ಚು.

ಕೆಲವು ಅಂಗಡಿಗಳಲ್ಲಿ ಪೆನ್ನಿನಂಥ ಯಂತ್ರ ಮುಟ್ಟಿಸಿ ಬೀಪ್ ಎಂದರೆ ವಜ್ರ ಎನ್ನುತ್ತಾರೆ. ಲ್ಯಾಬ್ ಗ್ರೋನ್ ಕೂಡ ವಜ್ರವೇ, ಅದಕ್ಕೂ ಬೀಪ್ ಬರುತ್ತದೆ. ಗಣಿಯದೋ ಬೆಳೆಸಿದ್ದೋ ಎಂದು ತಿಳಿಯಲು ಬೇರೆ ಯಂತ್ರ ಬೇಕು. ಆ ಯಂತ್ರ ಕೆಲವು ಕಲ್ಲುಗಳನ್ನು ಇನ್ನಷ್ಟು ಪರೀಕ್ಷೆ ಬೇಕೆಂದು ಬೇರೆ ತೆಗೆದಿಟ್ಟರೆ ಅದು ನಕಲಿ ಎಂದರ್ಥವಲ್ಲ. "ನಿಮ್ಮದು ಲ್ಯಾಬಿನದು" ಎಂದು ಬಾಯಿಮಾತಿನಲ್ಲಿ ಹೇಳಿ ದರ ಇಳಿಸಿದರೆ ಎದ್ದು ಬನ್ನಿ. ಆದರೆ ನಿಮ್ಮ ಬಿಲ್ಲಿನಲ್ಲೇ ಲ್ಯಾಬ್ ಗ್ರೋನ್ ಎಂದಿದ್ದರೆ, ಕಲ್ಲಿನಿಂದ ಹೆಚ್ಚೇನೂ ಬಾರದು ಎಂದು ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಐದನೆಯದು ಹಣ. ಬ್ಯಾಂಕಿನ ಮೂಲಕವೇ ತೆಗೆದುಕೊಳ್ಳಿ, ಖರೀದಿ ಚೀಟಿ ಕೇಳಿ ಪಡೆಯಿರಿ. ₹2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದಾಗಿ ಪಡೆಯುವುದು ಕಾನೂನಿಗೆ ವಿರುದ್ಧ. ಮನೆಯ ಹಳೆಯ ಒಡವೆ ಮಾರಿದ್ದಕ್ಕೆ ನಾವು ಜಿಎಸ್‌ಟಿ ಕೊಡಬೇಕಾಗಿಲ್ಲ, ಆ ಹೆಸರಿನಲ್ಲಿ ಕಳೆದರೆ ಪ್ರಶ್ನಿಸಿ. ಮಾರಿ ಲಾಭ ಬಂದರೆ ಮಾತ್ರ ಬಂಡವಾಳ ಲಾಭದ ಆದಾಯ ತೆರಿಗೆ. ಅಕ್ಕನಿಗೆ ಬಂದದ್ದು ನಷ್ಟ. ಅದನ್ನು ತೋರಿಸಲೂ ಆ ಹಳೆಯ ಬಿಲ್ಲೇ ಬೇಕು.

ಅಮ್ಮ ಅಜ್ಜಿಯರ ಏಳು ಕಲ್ಲಿನ ಓಲೆ, ಮೂಗುಬೊಟ್ಟಿನ ಬಗ್ಗೆ ಹಲವರು ಕೇಳುತ್ತಾರೆ. ಅವುಗಳಿಗೆ ಬಿಲ್ಲಿರುವುದಿಲ್ಲ, ಹಿಂಭಾಗ ಮುಚ್ಚಿದ ಕಟ್ಟು ಇರುತ್ತದೆ. ಹಳದಿ ಚಿನ್ನದೊಳಗೆ ಕೂತ ಕಲ್ಲಿನ ನಿಜವಾದ ಬಣ್ಣ ಬಿಡಿಸದೆ ತಿಳಿಯುವುದಿಲ್ಲ. ಕಲ್ಲುಗಳು ದೊಡ್ಡದಿದ್ದರೆ ನಂಬಿಕೆಯ ಆಚಾರಿಯಿಂದ ಒಂದನ್ನು ಬಿಡಿಸಿ ಪರೀಕ್ಷೆ ಮಾಡಿಸಿ, ಆ ಮೇಲೆ ಬೆಲೆ ಕೇಳಲು ಹೋಗಿ.

ಕೊನೆಯದಾಗಿ, ಮಾರದೆ ಇರುವುದಕ್ಕೂ ದಾರಿಗಳಿವೆ. ಸ್ವಲ್ಪ ದಿನದ ಅಡಚಣೆಯಾದರೆ ಚಿನ್ನದ ಸಾಲ ಸಿಗುತ್ತದೆ, ಆದರೆ ಅಲ್ಲಿ ಕಲ್ಲನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಚಿನ್ನದ ತೂಕಕ್ಕೆ ಮಾತ್ರ ಸಾಲ. ವಜ್ರಕ್ಕೆ ತೀರಾ ಕಡಿಮೆ ಹೇಳಿದರೆ ಚಿನ್ನ ಮಾತ್ರ ಮಾರಿ ಕಲ್ಲನ್ನು ಪೊಟ್ಟಣ ಕಟ್ಟಿ ಮನೆಗೆ ತನ್ನಿ, ನಾಳೆ ಮಗಳ ಮೂಗುಬೊಟ್ಟಿಗೋ ಉಂಗುರಕ್ಕೋ ಬರುತ್ತದೆ. ಮತ್ತೆ, ನಮ್ಮ ಬಂಧು ಬಳಗದಲ್ಲೇ ಯಾರೋ ಹೊಸ ಸೆಟ್ಟು ಕೊಳ್ಳಲು ಹೊರಟಿರುತ್ತಾರೆ. ವ್ಯಾಪಾರಿ ಕೊಟ್ಟ ₹22,000ಕ್ಕೂ ಷೋರೂಮ್ ಕೇಳಿದ್ದ ₹68,000ಕ್ಕೂ ನಡುವೆ ಎಷ್ಟು ಜಾಗವಿದೆ ನೋಡಿ. ₹40,000ಕ್ಕೆ ಅವರು ತೆಗೆದುಕೊಂಡರೆ ಇಬ್ಬರಿಗೂ ಲಾಭ. ಅಕ್ಕನಿಗೆ ಅಂಥವರು ಆಗ ಸಿಗಲಿಲ್ಲ, ಸಮಯವೂ ಇರಲಿಲ್ಲ.

ಆ ದಿನ ವ್ಯಾಪಾರಿಯ ಆಫೀಸಿನಿಂದ ಇಳಿಯುವಾಗ ಅಕ್ಕ ಹೇಳಿದರು: "ಕೊಳ್ಳುವ ದಿನವೇ ಇದು ಗೊತ್ತಿದ್ದರೆ ಅದೇ ದುಡ್ಡಿಗೆ ಬಳೆ ಮಾಡಿಸುತ್ತಿದ್ದೆ." ನಾನು ಹೇಳಿದೆ, "ಐದು ವರ್ಷಕ್ಕೂ ಹೆಚ್ಚು ಹಾಕಿಕೊಂಡು ಸಂತೋಷಪಟ್ಟಿರಿ ಅಕ್ಕ, ಅದಕ್ಕೂ ಒಂದು ಬೆಲೆ ಹಾಕಿ." ವಜ್ರ ಕೊಳ್ಳಬೇಡಿ ಎಂದು ನಾನು ಹೇಳುವುದಿಲ್ಲ, ಅದರಿಂದಲೇ ನನ್ನ ಮನೆ ನಡೆದಿದೆ. ಸೀರೆ ಕೊಂಡ ಹಾಗೆ, ಉಡುವ ಆಸೆಗೆ ಕೊಳ್ಳಿ. ಆಪತ್ತಿಗೆ ಆಗುತ್ತದೆ ಎಂದು ಕೊಳ್ಳುವುದಾದರೆ ಆ ಹಣ ಚಿನ್ನಕ್ಕೆ ಇರಲಿ.

ಇವತ್ತು ಮನೆಗೆ ಹೋದ ಮೇಲೆ ಕಪಾಟು ತೆರೆದು ವಜ್ರದ ಒಡವೆಯ ಬಿಲ್ಲು ಎಲ್ಲಿದೆ ನೋಡಿ. ಶಾಯಿ ಮಾಸುವ ಕಾಗದವಾದರೆ ಫೋಟೋ ತೆಗೆದಿಡಿ.